ಎರಡೇ ಗೆರೆಯ ಹಾಳೆ: ಹತ್ತನೇ ತರಗತಿ ನಕ್ಷೆ ಅಭ್ಯಾಸ, ನನ್ನ ಅನುಭವ

ನಮ್ಮ ಚಿಂತಾಮಣಿ ಕಡೆಯ ಹತ್ತನೇ ತರಗತಿ ಮಕ್ಕಳು ಭಾರತದ ಔಟ್‌ಲೈನ್ ಚೆನ್ನಾಗಿಯೇ ಬರೆಯುತ್ತಾರೆ. ಒಳಗೆ ಗುರುತಿಸಲು ಹೇಳಿದರೆ ಮಾತ್ರ ನರ್ಮದಾ ಇದ್ದ ಕಡೆ ತಪತಿ, ಹಿರಾಕುಡ್ ಹೋಗಿ ಬಿಹಾರದಲ್ಲಿ. ಪಠ್ಯಪುಸ್ತಕದ ಚಿತ್ರದಿಂದಲೇ ಅಭ್ಯಾಸ ಹಾಳೆ ಮಾಡ್ತೀನಿ ಅಂದಾಗ ಜೊತೆಯ ಮೇಷ್ಟ್ರುಗಳು, "ಚಿತ್ರ ಪುಸ್ತಕದಲ್ಲೇ ಇದೆಯಲ್ಲ ಸಾರ್, ಬೇಕಾದ್ರೆ ಗೈಡ್‌ನಲ್ಲೂ ಇದೆ" ಅಂದರು. ಮೂರನೇ ಹಾಳೆಯಲ್ಲಿ ನಕ್ಷೆಯೇ ಇಲ್ಲ, ಬರೀ ಎರಡು ಗೆರೆ ಇದೆ ಅಂತ ಗೊತ್ತಾದಾಗ ನಕ್ಕೂ ಬಿಟ್ಟರು. ಈಗ ಆ ಮೂರನೇ ಹಾಳೆಯನ್ನೇ ಕೇಳಿ ಇಸ್ಕೊಂಡು ಹೋಗ್ತಾರೆ.

ಮೊದಲು ಕೆಟ್ಟಿದ್ದನ್ನು ಹೇಳ್ತೀನಿ, ದುಡ್ಡು ಹೋಗಿದ್ದು ಅಲ್ಲೇ. ಎಲ್ಲರೂ ಮಾಡುವ ಹಾಗೆ ಪುಸ್ತಕದ ಪಿಡಿಎಫ್‌ನಿಂದ ಪುಟವನ್ನು ಚಿತ್ರವಾಗಿ ತೆಗೆದು, ಹೆಸರುಗಳ ಮೇಲೆ ಬಿಳಿ ಚೌಕ ಕೂರಿಸಿ ಜೆರಾಕ್ಸ್ ಮಾಡಿಸಿದೆ. ಪುಟ ತೆಗೆಯುವ ಆಜ್ಞೆ ಇಷ್ಟೇ. 214 ಇರುವ ಕಡೆ ನಿಮ್ಮ ಪಿಡಿಎಫ್‌ನ ಪುಟ ಸಂಖ್ಯೆ ಹಾಕಿಕೊಳ್ಳಿ:

```
pdftoppm -r 300 -f 214 -l 214 -png ss10.pdf nakshe
```

ಹಾಳೆ ನೋಡಲು ಚೆನ್ನಾಗಿತ್ತು, ಅಭ್ಯಾಸಕ್ಕೆ ಬರಲಿಲ್ಲ. ನದಿಯ ಹೆಸರು ನದಿಯ ಗೆರೆ ಮೇಲೆಯೇ ಅಚ್ಚಾಗಿರುತ್ತದೆ, ಹಾಗಾಗಿ ಹೆಸರು ಮುಚ್ಚಿದರೆ ನದಿಯೂ ನಡುವೆ ಕತ್ತರಿಸಿ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಬಿಳಿ ಜಾಗದ ಉದ್ದವೇ ಉತ್ತರ ಹೇಳಿಬಿಡುತ್ತದೆ. ಉದ್ದ ಬಿಳಿ ಪಟ್ಟಿ ಇದ್ದರೆ ಬ್ರಹ್ಮಪುತ್ರ, ಗಿಡ್ಡ ಇದ್ದರೆ ಗಂಗಾ. ಮಕ್ಕಳು ನದಿ ಕಲಿಯಲಿಲ್ಲ, ಪಟ್ಟಿ ಕಲಿತರು. ಜೊತೆಗೆ ಬಣ್ಣದ ಕಾಟ. ಪುಸ್ತಕದಲ್ಲಿ ಮೈದಾನ ಹಸಿರು, ಪ್ರಸ್ಥಭೂಮಿ ಕಂದು. ಕಪ್ಪುಬಿಳುಪು ಜೆರಾಕ್ಸ್‌ನಲ್ಲಿ ಎರಡೂ ಒಂದೇ ಬೂದಿ. ಅರವತ್ತು ಚಿಲ್ಲರೆ ಮಕ್ಕಳಿಗೆ ನಾಲ್ಕು ಹಾಳೆಯಂತೆ ಎರಡು ಸಲ ಮಾಡಿಸಿ ಹತ್ತಿರ ಹತ್ತಿರ ಐನೂರು ರೂಪಾಯಿ ನೀರಿಗೆ ಹಾಕಿದಂತಾಯಿತು.

ಅದಾದ ಮೇಲೆ ಲ್ಯಾಮಿನೇಷನ್ ಹುಚ್ಚು. ಒಂದೇ ಸಲ ಖರ್ಚು, ಮಾರ್ಕರ್‌ನಲ್ಲಿ ಬರೆದು ಒರೆಸಿದರಾಯಿತು ಅಂದುಕೊಂಡೆ. ಹತ್ತು ಹಾಳೆಗೆ ಮುನ್ನೂರು ಹೋಯಿತು. ನಾಲ್ಕನೇ ಸಲ ಒರೆಸುವಷ್ಟರಲ್ಲಿ ಹಿಂದಿನವನು ಬರೆದದ್ದು ಮಸಕಾಗಿ ಉಳಿದು, ಮುಂದಿನವನಿಗೆ ಪುಕ್ಕಟೆ ಉತ್ತರ ಪತ್ರಿಕೆ ಆಯಿತು.

ಕೊನೆಗೆ ಕೈ ಹಿಡಿದದ್ದು ಹಳೇ ಬಟರ್ ಪೇಪರ್. ಪುಸ್ತಕದ ಚಿತ್ರವನ್ನು ಎ3ಗೆ ದೊಡ್ಡದು ಮಾಡಿಸಿ, ಅದರ ಮೇಲೆ ಬಟರ್ ಪೇಪರ್ ಹಾಕಿ, ಬೆಳಿಗ್ಗೆ ಕಿಟಕಿ ಗಾಜಿಗೆ ಅಂಟಿಸಿ ಬರೆದೆ. ಔಟ್‌ಲೈನ್‌ಗೆ 0.8ರ ಪೆನ್ನು, ನದಿಗೆ 0.5. ಜೆಲ್ ಪೆನ್ನು ಬೇಡ, ಬಟರ್ ಪೇಪರ್ ಮೇಲೆ ಅದು ಒಣಗುವುದಿಲ್ಲ, ಅಂಗೈ ತಾಗಿದರೆ ಮೆತ್ತಿಕೊಳ್ಳುತ್ತದೆ. ತಪ್ಪಾದ ಗೆರೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಹೋಗುತ್ತದೆ. ಮುಗಿದ ಮೇಲೆ ಶೇಕಡಾ 71ಕ್ಕೆ ಇಳಿಸಿ ಎ4 ಮಾಡಿಸುತ್ತೇನೆ. ದೊಡ್ಡದಾಗಿ ಬರೆದು ಚಿಕ್ಕದು ಮಾಡಿದರೆ ಕೈನಡುಕವೂ ಚಿಕ್ಕದಾಗುತ್ತದೆ, 0.5ರ ಗೆರೆ 0.35ಕ್ಕೆ ಇಳಿದು ಚೊಕ್ಕವಾಗಿ ಕಾಣುತ್ತದೆ. ಚಿಕ್ಕದು ಬರೆದು ದೊಡ್ಡದು ಮಾಡಿಸುವವರು ಇದನ್ನೇ ಉಲ್ಟಾ ಮಾಡಿ, ಹಗ್ಗದಂಥ ಕಾವೇರಿಯನ್ನು ತಂದು ತೋರಿಸುತ್ತಾರೆ. ಬಣ್ಣದ ಬದಲು ಪ್ರಸ್ಥಭೂಮಿಗೆ ಚುಕ್ಕಿ, ಪರ್ವತಕ್ಕೆ ಸಣ್ಣ ಸಣ್ಣ ಗೀಟು, ಮೈದಾನ ಖಾಲಿ. ಗಡಿಯನ್ನು ಸರ್ವೆ ಆಫ್ ಇಂಡಿಯಾದ ನಕ್ಷೆ ಪಕ್ಕಕ್ಕಿಟ್ಟು ಸರಿನೋಡಿ. ಹಳೇ ಪುಸ್ತಕದ ಚಿತ್ರ ಹಿಡಿದರೆ 2014ರ ತೆಲಂಗಾಣವೂ ಇರಲ್ಲ, 2019ರ ಲಡಾಖೂ ಇರಲ್ಲ. ಅಂಡಮಾನ್ ನಿಕೋಬಾರ್, ಲಕ್ಷದ್ವೀಪ ಕೈಬಿಟ್ಟು ಹೋಗದಂತೆ ನೋಡಿಕೊಳ್ಳಿ.

ಈ ಒಂದು ಮೂಲದಿಂದ ಮೂರು ಹಾಳೆ. ಒಂದನೆಯದರಲ್ಲಿ ಸೂಚಿ ಗೆರೆ, ಸಂಖ್ಯೆ, ಕೆಳಗೆ ಹೆಸರುಗಳ ಪಟ್ಟಿ. ಪಟ್ಟಿಯಲ್ಲಿ ಬೇಕಾದ್ದಕ್ಕಿಂತ ಮೂರು ಹೆಸರು ಜಾಸ್ತಿ ಇರಬೇಕು, ಇಲ್ಲದಿದ್ದರೆ ಕೊನೆಯ ಎರಡು ತಾವಾಗಿಯೇ ಬಂದುಬಿಡುತ್ತವೆ. ಹೆಸರನ್ನು ನುಡಿಯಲ್ಲಿ ಟೈಪ್ ಮಾಡಿದವರು ಪಿಡಿಎಫ್ ಮಾಡಿಯೇ ಅಂಗಡಿಗೆ ಒಯ್ಯಿರಿ. ಅವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಗೋದಾವರಿ ಹೋಗಿ ಏನೇನೋ ಅಕ್ಷರ ಬರುತ್ತದೆ. ಎರಡನೇ ಹಾಳೆಯಲ್ಲಿ ಪಟ್ಟಿ ಇಲ್ಲ. ಸಂಖ್ಯೆ ಕೊಡುವ ಕ್ರಮದಲ್ಲೊಂದು ಕೈಚಳಕ ಇದೆ, ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಮಕ್ಕಳೂ ಇದನ್ನು ಓದಿಬಿಟ್ಟರೆ ಕಷ್ಟ.

ಸೂಚಿ ಗೆರೆ ನದಿಯನ್ನು ಎಲ್ಲಿ ಮುಟ್ಟಬೇಕು ಅನ್ನುವುದರಲ್ಲೇ ಅರ್ಧ ಕೆಲಸ. ನನ್ನ ಹಾಳೆಯಲ್ಲಿ ನಕ್ಷೆ ಹದಿನಾರು ಸೆಂ.ಮೀ. ಅಗಲ, ಹದಿನೇಳೂವರೆ ಎತ್ತರ. ಪುಸ್ತಕದ 2933 ಮತ್ತು 3214 ಕಿ.ಮೀ. ಲೆಕ್ಕಕ್ಕೆ ಇದು ಸರಿಹೊಂದುತ್ತದೆ, ಒಂದು ಅಕ್ಷಾಂಶ ಅಂದರೆ ಆರು ಮಿ.ಮೀ. ನರ್ಮದಾ, ತಪತಿ ಎರಡೂ ಖಂಭಾತ್ ಕೊಲ್ಲಿಗೇ ಸೇರುತ್ತವೆ. ಒಂದು ಭರೂಚ್ ಹತ್ತಿರ, ಇನ್ನೊಂದು ಸೂರತ್ ಹತ್ತಿರ. ಹಾಳೆ ಮೇಲೆ ನಡುವೆ ಬರೀ ಮೂರು ಮಿ.ಮೀ. ಮೊದಲ ಸಲ ನಾನು ಸಮುದ್ರದ ಕಡೆ ಜಾಗ ಖಾಲಿ ಇದೆ ಅಂತ ಎರಡೂ ಸೂಚಿ ಗೆರೆಯನ್ನು ನದೀಮುಖಕ್ಕೇ ಮುಟ್ಟಿಸಿದ್ದೆ. ಯಾವುದು ಯಾವುದಕ್ಕೆ ಅಂತ ನನಗೇ ಗೊತ್ತಾಗಲಿಲ್ಲ. ಈಗ ನರ್ಮದಾಗೆ, ನರ್ಮದಾಪುರಂ ಅಂತ ಹೆಸರು ಬದಲಾದ ಹೊಶಂಗಾಬಾದ್ ಹತ್ತಿರ, ತಪತಿಗೆ ಬುರ್ಹಾನ್‌ಪುರದ ಹತ್ತಿರ ಮುಟ್ಟಿಸುತ್ತೇನೆ. ಎರಡು ತುದಿಗಳ ನಡುವೆ ಒಂದು ಸೆಂ.ಮೀ.ಗಿಂತ ಹೆಚ್ಚು ಅಂತರ, ನಡುವೆ ಸಾತ್ಪುರವೂ ಗೀಟಿನಲ್ಲಿ ಕಾಣುತ್ತದೆ. ಗೋದಾವರಿ, ಕೃಷ್ಣಾಗೂ ಇದೇ ನ್ಯಾಯ. ಅವೆರಡರ ಮುಖಜ ಭೂಮಿಗಳು ಅಂಟಿಕೊಂಡೇ ಇವೆ.

ಮೂರನೇ ಹಾಳೆಯಲ್ಲಿ ಆ ನಕ್ಷೆಯಷ್ಟೇ ಅಳತೆಯ ಒಂದು ಆಯತ, ಒಳಗೆ ಎರಡು ಗೆರೆ, ಅಷ್ಟೇ. ಅಡ್ಡ ಗೆರೆ ಕರ್ಕಾಟಕ ಸಂಕ್ರಾಂತಿ ವೃತ್ತ 23½°, ಮೇಲಿನಿಂದ ಎಂಟು ಸೆಂ.ಮೀ. ಎರಡು ಮಿ.ಮೀ. ಕೆಳಗೆ. ಉದ್ದ ಗೆರೆ 82½° ಪೂರ್ವ ರೇಖಾಂಶ, ಎಡದಿಂದ ಹತ್ತಿರ ಹತ್ತಿರ ಎಂಟು. ಇವೆರಡು ಕೂಡುವುದು ಛತ್ತೀಸಗಢದ ಉತ್ತರ ಭಾಗದಲ್ಲಿ, ಆಯತದ ಹೆಚ್ಚುಕಮ್ಮಿ ನಟ್ಟನಡುವೆ. ಮಕ್ಕಳು ಔಟ್‌ಲೈನ್ ತಾವೇ ಬರೆದು, ಮಿಕ್ಕದ್ದನ್ನೆಲ್ಲ ಈ ಕೂಡುವ ಬಿಂದುವಿನಿಂದ ಅಳೆದು ಗುರುತಿಸಬೇಕು.

ನರ್ಮದಾ ಹುಟ್ಟುವ ಅಮರಕಂಟಕ ಬಿಂದುವಿನಿಂದ ನಾಲ್ಕು ಮಿ.ಮೀ. ಎಡಕ್ಕೆ, ಐದು ಕೆಳಕ್ಕೆ. ಅಲ್ಲಿಂದ ಪಶ್ಚಿಮಕ್ಕೆ ಹೋಗಲಿ, ಆದರೆ ಅಡ್ಡ ಗೆರೆಯನ್ನು ಎಲ್ಲೂ ದಾಟಬಾರದು. ದಾಟಿದರೆ ತಪ್ಪು ಅಂತ ಮಗುವಿಗೇ ಕಾಣುತ್ತದೆ, ಮೇಷ್ಟ್ರು ಬೇಕಿಲ್ಲ. ಹಿರಾಕುಡ್ ಬಿಂದುವಿನಿಂದ ಎಂಟು ಬಲಕ್ಕೆ, ಹನ್ನೆರಡು ಕೆಳಕ್ಕೆ. ಕಾಂಡ್ಲಾ ಅಡ್ಡ ಗೆರೆಯ ಮೂರು ಮಿ.ಮೀ. ಕೆಳಗೆ, ಕೋಲ್ಕತ್ತ ಐದಾರು ಕೆಳಗೆ. ಕೋಲ್ಕತ್ತವನ್ನು ಗೆರೆಯ ಮೇಲಕ್ಕೆ ಹಾಕುವ ಚಾಳಿ ನಮ್ಮಲ್ಲಿ ಮುಕ್ಕಾಲು ತರಗತಿಗೆ ಇತ್ತು, ಎರಡು ವಾರದಲ್ಲಿ ಹೋಯಿತು. ಎರಡು ಗೆರೆಗಳನ್ನೂ ಪರೀಕ್ಷೆಯಲ್ಲೇ ಗುರುತಿಸಲು ಕೇಳುವುದರಿಂದ ಅವನ್ನು ಮೊದಲು ಎಳೆದುಕೊಂಡರೆ ನಷ್ಟವೇನಿಲ್ಲ. ಆದರೆ ಇದಕ್ಕೊಂದು ಮಿತಿ ಇದೆ. ಪುಸ್ತಕದ ನಕ್ಷೆಯಲ್ಲಿ ಅಕ್ಷಾಂಶಗಳು ಸ್ವಲ್ಪ ಬಾಗಿರುತ್ತವೆ, ನಮ್ಮ ಗೆರೆ ನೇರ. ಮಧ್ಯಭಾರತಕ್ಕೆ ಅದು ತೊಂದರೆ ಕೊಡಲ್ಲ, ಈಶಾನ್ಯದಲ್ಲಿ ಕೆಲವು ಮಿ.ಮೀ. ತಪ್ಪುತ್ತದೆ. ಅಲ್ಲಿನದನ್ನು ಈ ಅಳತೆಯಲ್ಲಿ ಕೇಳಬೇಡಿ.

ತಿದ್ದುವುದಕ್ಕೆ ಉತ್ತರವನ್ನು ಓಎಚ್‌ಪಿ ಹಾಳೆ ಮೇಲೆ ಅಚ್ಚು ಹಾಕಿಸಿದೆ, ಒಂದಕ್ಕೆ ಇಪ್ಪತ್ತು ರೂಪಾಯಿ ಇರಬೇಕು. ಲೇಸರ್‌ಗೆ ಹೊಂದುವ ಹಾಳೆ ಅಂತ ಕೇಳಿಯೇ ತೆಗೆದುಕೊಳ್ಳಿ. ಸಾದಾ ಪ್ಲಾಸ್ಟಿಕ್ ಹಾಳೆ ಯಂತ್ರದ ಬಿಸಿಗೆ ಕರಗಿ ಸುತ್ತಿಕೊಂಡರೆ ಅಂಗಡಿಯವರ ಮುಖ ನೋಡಲಾಗಲ್ಲ. ಊರಿಗೆ ಐದು ಮಿ.ಮೀ. ವೃತ್ತ, ನದಿಗೆ ಐದು ಮಿ.ಮೀ. ಪಟ್ಟೆ ಹಾಕಿದ್ದೇನೆ. ಓಂಕಾರೇಶ್ವರದ ನೇರಕ್ಕೆ ನರ್ಮದಾ, ತಪತಿ ನಡುವೆ ಇರುವುದೇ ಆರು ಮಿ.ಮೀ., ಪಟ್ಟೆ ಅದಕ್ಕಿಂತ ಅಗಲವಾದರೆ ಒಂದರ ಅಂಕ ಇನ್ನೊಂದಕ್ಕೆ ಹೋಗುತ್ತದೆ. ಒಮ್ಮೆ ಪಾರದರ್ಶಕ ಹಾಳೆ ಯಾವ ಮಗುವಿನ ಹಾಳೆಗೂ ಕೂರಲಿಲ್ಲ. ಪ್ರಿಂಟರು ಪುಟಕ್ಕೆ ಹೊಂದಿಸುವ ಆಯ್ಕೆಯಲ್ಲಿದ್ದು, ಚಿತ್ರವನ್ನು ಮೂರು ನಾಲ್ಕು ಶೇಕಡಾ ಕುಗ್ಗಿಸಿತ್ತು. ಅಂದಿನಿಂದ ಪ್ರತಿ ಮೂಲದ ಅಂಚಿನಲ್ಲಿ, ಎ4ಗೆ ಇಳಿದ ಮೇಲೆ ಸರಿಯಾಗಿ ಹತ್ತು ಸೆಂ.ಮೀ. ಬರುವಂತೆ ಒಂದು ಗೆರೆ ಇರುತ್ತದೆ. ಮೊದಲ ಪ್ರತಿ ಕೈಗೆ ಬಂದ ಕೂಡಲೇ ಸ್ಕೇಲ್ ಇಟ್ಟು ನೋಡಿ, ಆಮೇಲೆ ಮಿಕ್ಕದ್ದಕ್ಕೆ ಹೂಂ ಅನ್ನುತ್ತೇನೆ.

ಮಧ್ಯೆ ನಂದಿ ಬೆಟ್ಟದ ಹಾಳೆ ಅಂತ ಒಂದು ಮಾಡಿದೆ, ಪಠ್ಯಕ್ಕೆ ಬೇಕಿರಲಿಲ್ಲ. ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ, ಎರಡು ಪಿನಾಕಿನಿಗಳು ಗಾಲಿಯ ಕಡ್ಡಿಗಳ ಹಾಗೆ ಹೊರಡುವುದನ್ನು ತೋರಿಸುವ ಆಸೆ. ಕರ್ನಾಟಕದ ನದಿಗಳ ಚಿತ್ರದ ಆ ಮೂಲೆಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಬರೀ ಕಲೆ ಬಂತು, ಕೊನೆಗೆ ಜಿಲ್ಲಾ ನಕ್ಷೆಯಿಂದ ಬರೆದುಕೊಂಡೆ. ಉತ್ತರ ಪಿನಾಕಿನಿ ಮೊದಲು ಬಡಗಲಿಗೆ ಹೋಗಿ ಆಮೇಲೆ ಪೂರ್ವಕ್ಕೆ ತಿರುಗುತ್ತದೆ ಅನ್ನುವುದು ಊರಿನ ಮಕ್ಕಳಿಗೇ ಗೊತ್ತಿರಲಿಲ್ಲ. ಎರಡನ್ನೂ ನೇರ ಮೂಡಲಿಗೆ ಎಳೆದಿದ್ದರು.

ಬಟರ್ ಪೇಪರಿನಿಂದ ನೆನೆಸದೇ ಸಿಕ್ಕ ಲಾಭ ಹಿಮಾಲಯದ ಅಡ್ಡಸೀಳಿನ ಚಿತ್ರದಲ್ಲಿ. ಶಿವಾಲಿಕ್, ಹಿಮಾಚಲ, ಹಿಮಾದ್ರಿ ಅಂತ ಎಡದಿಂದ ಬಲಕ್ಕೆ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಿದ್ದರು. ಹಾಳೆಯನ್ನು ಮಗುಚಿ ಹಾಕಿ ಜೆರಾಕ್ಸ್ ಮಾಡಿಸಿದೆ, ದಕ್ಷಿಣ ಬಲಕ್ಕೆ ಬಂತು. ದಿಕ್ಕಿನ ಹೆಸರನ್ನು ಮಾತ್ರ ಮಗುಚಿದ ಮೇಲೆ ಬರೆಯಬೇಕು, ಇಲ್ಲದಿದ್ದರೆ ಅಕ್ಷರವೂ ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತದೆ. ಮೊದಲ ದಿನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಶಿವಾಲಿಕ್ ಬೆಟ್ಟವನ್ನು ಟಿಬೆಟ್ ಪಕ್ಕಕ್ಕೆ ಒಯ್ದಿಟ್ಟಿದ್ದರು. ಎರಡನೇ ಸಲ ಹಾಳೆ ಕೈಗೆ ಬಂದಾಗ ಹೆಸರು ಬರೆಯುವ ಮೊದಲು ದಕ್ಷಿಣ ಎಲ್ಲಿದೆ ಅಂತ ಹುಡುಕತೊಡಗಿದರು.