ಈ. ಕೋಲೈಗೆ ವ್ಯಾಂಕೋಮೈಸಿನ್ ಡಿಸ್ಕ್ ಯಾಕೆ ಇಡಲ್ಲ: ಹೊರಪೊರೆಯ ಜೊತೆ ನನ್ನ ಅನುಭವ

ಮೆಡಿಕಲ್ ಕಾಲೇಜಿನ ಮೈಕ್ರೊಬಯಾಲಜಿ ಲ್ಯಾಬಿನಲ್ಲಿ ನನ್ನ ಕೆಲಸ. ಒಂದು ಬೆಳಿಗ್ಗೆ ಹೊಸದಾಗಿ ಸೇರಿದ ಪಿಜಿ ಹುಡುಗಿ ಔಷಧಿ ಹೀರಿಸಿದ ಕಾಗದದ ಡಿಸ್ಕ್ ಡಬ್ಬಿ ಕೈಯಲ್ಲಿ ಹಿಡಿದು ಕೇಳಿದಳು: "ಮೇಡಂ, ಸ್ಟಫೈಲೊಕಾಕಸ್‌ಗೆ ವ್ಯಾಂಕೋಮೈಸಿನ್ ಅಂದ್ರೆ ಅಷ್ಟು ದೊಡ್ಡ ಔಷಧಿ. ಈ. ಕೋಲೈಗೆ ಅದನ್ನ ಟೆಸ್ಟೇ ಮಾಡಲ್ಲ ಯಾಕೆ?"

"ಹೊರಪೊರೆ ಇದೆ, ಒಳಗೆ ಹೋಗಲ್ಲ" ಎಂದೆ. ಅವಳು ತಲೆಯಾಡಿಸಿದಳು. ಆದರೆ ಆ ಉತ್ತರ ನನಗೇ ಸಾಲಲಿಲ್ಲ. ಹದಿನೈದು ವರ್ಷದಿಂದ ಇದೇ ವಾಕ್ಯ ಹೇಳುತ್ತಿದ್ದೇನೆ, ಒಂದು ದಿನವೂ ಕಣ್ಣಾರೆ ನೋಡಿಲ್ಲ. ಇಬ್ಬರೂ ಸೇರಿ ನೋಡಿಯೇಬಿಡೋಣ ಎಂದುಕೊಂಡೆವು.

ಮೊದಲು ಆರಿಸಿಕೊಂಡಿದ್ದು ರಿಫಾಂಪಿಸಿನ್. ನಮ್ಮಲ್ಲಿ ಟಿಬಿ ಔಷಧಿ ಎಂದು ಎಲ್ಲರಿಗೂ ಗೊತ್ತು. ಅದು ಹಿಡಿಯುವುದು ಬ್ಯಾಕ್ಟೀರಿಯಾದ ಆರ್‌ಎನ್‌ಎ ಪಾಲಿಮರೇಸನ್ನು. ಈ ಕಿಣ್ವ ಸ್ಟಫೈಲೊಕಾಕಸ್‌ನಲ್ಲೂ ಇದೆ, ಈ. ಕೋಲೈನಲ್ಲೂ ಇದೆ. ಈ. ಕೋಲೈನ ಕಿಣ್ವವನ್ನು ಹೊರತೆಗೆದು ಟ್ಯೂಬಿನಲ್ಲಿಟ್ಟರೆ ರಿಫಾಂಪಿಸಿನ್ ಬಹಳ ಸಣ್ಣ ಪ್ರಮಾಣದಲ್ಲೇ ಅದನ್ನು ನಿಲ್ಲಿಸುತ್ತದೆ. ಅಂದರೆ ಬೀಗ ಒಂದೇ, ಕೀಲಿಯೂ ಒಂದೇ. ಇಡೀ ಜೀವಕೋಶದಲ್ಲಿ ಮಾತ್ರ ವ್ಯತ್ಯಾಸ ಕಂಡರೆ, ಆ ವ್ಯತ್ಯಾಸ ಬಾಗಿಲಿನದ್ದು.

96 ಗುಳಿಯ ಪ್ಲೇಟಿನಲ್ಲಿ ಔಷಧಿಯನ್ನು ಅರ್ಧರ್ಧ ಮಾಡುತ್ತಾ ಇಳಿಸಿಕೊಂಡು ಹೋದೆವು. ಮುಲ್ಲರ್-ಹಿಂಟನ್ ಬ್ರಾತ್ ಎಂಬ ಪೋಷಕ ದ್ರವ, ಪ್ರತಿ ಮಿಲಿಲೀಟರಿಗೆ ಸುಮಾರು 5 ಲಕ್ಷ ಬ್ಯಾಕ್ಟೀರಿಯಾ, 35 ಡಿಗ್ರಿಯಲ್ಲಿ ಒಂದು ರಾತ್ರಿ. ಎರಡೂ ಗುಣಮಟ್ಟ ಪರೀಕ್ಷೆಗೆ ಬಳಸುವ ತಳಿಗಳೇ: ಸ್ಟಫೈಲೊಕಾಕಸ್ ಆರಿಯಸ್ ಎಟಿಸಿಸಿ 29213, ಈ. ಕೋಲೈ ಎಟಿಸಿಸಿ 25922. ಔಷಧಿ ಜಾಸ್ತಿ ಇರುವ ಗುಳಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತವೆ. ಅಲ್ಲಿ ಬೆಳವಣಿಗೆ ಓದಲು ಪ್ಲೇಟಿನ ಕೆಳಗೆ ಕಪ್ಪು ಗೆರೆ ಎಳೆದ ಹಾಳೆ ಇಟ್ಟುಕೊಳ್ಳುತ್ತೇನೆ. ಗೆರೆ ಚೂಪಾಗಿ ಕಂಡರೆ ಗುಳಿ ತಿಳಿ, ಮಸುಕಾದರೆ ಬೆಳೆದಿದೆ.

ಮರುದಿನ ಓದಿದೆವು. ಸ್ಟಫೈಲೊಕಾಕಸ್ 0.008 ಮೈಕ್ರೊಗ್ರಾಂನಲ್ಲೇ ನಿಂತಿತ್ತು. ಈ. ಕೋಲೈ ನಿಲ್ಲಲು 8 ಮೈಕ್ರೊಗ್ರಾಂ ಬೇಕಾಯಿತು. ಸಾವಿರ ಪಟ್ಟು!

ಇಲ್ಲಿ ವಿದ್ಯಾರ್ಥಿಗಳು ಒಂದು ಕಡೆ ಎಡವುತ್ತಾರೆ. ಸ್ಟಫೈಲೊಕಾಕಸ್ ಗ್ರಾಂ-ಪಾಸಿಟಿವ್, ಈ. ಕೋಲೈ ಗ್ರಾಂ-ನೆಗೆಟಿವ್. ಗ್ರಾಂ-ಪಾಸಿಟಿವ್ ಗೋಡೆ ದಪ್ಪ, ಗ್ರಾಂ-ನೆಗೆಟಿವ್ ಗೋಡೆ ತೆಳು. ಹಾಗಿದ್ದರೆ ತೆಳು ಗೋಡೆಯದ್ದೇ ಸುಲಭವಾಗಿ ಸಾಯಬೇಕಲ್ವಾ ಎನ್ನುತ್ತಾರೆ. ದಪ್ಪ ಗೋಡೆ ಅಂದರೆ ಪೆಪ್ಟಿಡೊಗ್ಲೈಕನ್. ಅದು ಎಷ್ಟೇ ದಪ್ಪವಿದ್ದರೂ ಬಲೆಯ ಹಾಗೆ, ರಿಫಾಂಪಿಸಿನ್ ಗಾತ್ರದ ಅಣು ಅದರ ಕಣ್ಣುಗಳಲ್ಲಿ ನುಸುಳಿಬಿಡುತ್ತದೆ. ಗ್ರಾಂ-ನೆಗೆಟಿವ್‌ನಲ್ಲಿ ಬಲೆ ತೆಳ್ಳಗಿದೆ, ಅದರ ಹೊರಗೆ ಇನ್ನೊಂದು ಪೊರೆ ಇದೆ. ತಡೆಯುವುದು ಆ ಪೊರೆ.

ಆ ಪೊರೆಯ ಒಳಮೈ ಸಾಮಾನ್ಯ ಫಾಸ್ಫೊಲಿಪಿಡ್. ಹೊರಮೈ ಮಾತ್ರ ಲಿಪೊಪಾಲಿಸ್ಯಾಕರೈಡ್, ನಾವು ಎಲ್‌ಪಿಎಸ್ ಎನ್ನುತ್ತೇವೆ. ಸಾಮಾನ್ಯ ಫಾಸ್ಫೊಲಿಪಿಡ್ ಅಣುವಿಗೆ ಎರಡು ಕೊಬ್ಬಿನ ಬಾಲ. ಈ. ಕೋಲೈನ ಎಲ್‌ಪಿಎಸ್‌ಗೆ ಆರು, ಅವೂ ನೆಟ್ಟಗಿನವು, ಒತ್ತಾಗಿ ಕೂರುತ್ತವೆ. ರಿಫಾಂಪಿಸಿನ್, ಎರಿಥ್ರೊಮೈಸಿನ್‌ನಂಥ ಎಣ್ಣೆ ಸ್ವಭಾವದ ಔಷಧಿಗಳು ಬೇರೆ ಪೊರೆಗಳಲ್ಲಿ ಕರಗಿ ದಾಟಿಹೋಗುತ್ತವೆ, ಇಲ್ಲಿ ಜಾಗವೇ ಸಿಗುವುದಿಲ್ಲ. ಬಾಲಗಳ ಮೇಲೆ ಫಾಸ್ಫೇಟುಗಳಿವೆ. ಎಲ್ಲದಕ್ಕೂ ಮೈನಸ್ ಚಾರ್ಜ್ ಇರುವುದರಿಂದ ಒಂದನ್ನೊಂದು ತಳ್ಳಬೇಕು. ತಳ್ಳದ ಹಾಗೆ ನಡುವೆ ಕೂತು ಹಿಡಿದಿರುವುದು ಮೆಗ್ನೀಶಿಯಂ ಮತ್ತು ಕ್ಯಾಲ್ಶಿಯಂ. ಕಲ್ಲುಗಳ ನಡುವಿನ ಗಾರೆ ಇದ್ದ ಹಾಗೆ.

ಗಾರೆ ತೆಗೆದರೆ ಗೋಡೆ ಸಡಿಲವಾಗಬೇಕು. ಇದು ಹಳೆಯ ವಿಚಾರ. 1965ರಲ್ಲೇ ಲೊರೆಟಾ ಲೈವ್ ಎಂಬ ವಿಜ್ಞಾನಿ ಈ. ಕೋಲೈಗೆ ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಕೊಟ್ಟು, ಒಳಗೆ ಹೋಗದ ಆಕ್ಟಿನೊಮೈಸಿನ್ ಒಳಹೋಗುವಂತೆ ಮಾಡಿದ್ದರು. ಇಡಿಟಿಎ ನಮ್ಮ ಲ್ಯಾಬಿನಲ್ಲಿ ಯಾವಾಗಲೂ ಇರುತ್ತದೆ. ಬ್ರಾತ್‌ಗೆ 0.5 ಮಿಲಿಮೋಲಾರ್ ಹಾಕಿ ರಿಫಾಂಪಿಸಿನ್ ಪ್ಲೇಟನ್ನು ಮತ್ತೆ ಇಟ್ಟೆವು.

ಏನೂ ಆಗಲಿಲ್ಲ. ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸಲು ಬೇಕಾದ ಕನಿಷ್ಠ ಪ್ರಮಾಣ, 8ರಲ್ಲೇ ಇತ್ತು.

ಎರಡು ದಿನ ತಲೆಕೆಡಿಸಿಕೊಂಡ ಮೇಲೆ ಬ್ರಾತ್ ಬಾಟಲಿಯ ಲೇಬಲ್ ಓದಿದೆ. ಸೆನ್ಸಿಟಿವಿಟಿ ಪರೀಕ್ಷೆಯ ಮುಲ್ಲರ್-ಹಿಂಟನ್‌ಗೆ ಬೇಕಂತಲೇ ಈ ಎರಡು ಲೋಹಗಳನ್ನು ಸರಿಹೊಂದಿಸಿರುತ್ತಾರೆ: ಲೀಟರಿಗೆ ಕ್ಯಾಲ್ಶಿಯಂ 20ರಿಂದ 25 ಮಿಲಿಗ್ರಾಂ, ಮೆಗ್ನೀಶಿಯಂ 10ರಿಂದ 12.5 ಮಿಲಿಗ್ರಾಂ. ಲೆಕ್ಕ ಹಾಕಿದರೆ ಕ್ಯಾಲ್ಶಿಯಂ ಸುಮಾರು 0.6 ಮಿಲಿಮೋಲಾರ್, ಮೆಗ್ನೀಶಿಯಂ ಸುಮಾರು 0.5. ಒಂದು ಇಡಿಟಿಎ ಅಣು ಒಂದೇ ಲೋಹವನ್ನು ಹಿಡಿಯುತ್ತದೆ, ಅದರಲ್ಲೂ ಕ್ಯಾಲ್ಶಿಯಂ ಎಂದರೆ ಅದಕ್ಕೆ ಮೊದಲು. ನಾನು ಹಾಕಿದ್ದೆಲ್ಲ ಬ್ರಾತ್‌ನ ಕ್ಯಾಲ್ಶಿಯಂಗೇ ಖರ್ಚಾಗಿಹೋಗಿತ್ತು. ಬ್ಯಾಕ್ಟೀರಿಯಾದ ಪೊರೆಗೆ ತಲುಪಿಯೇ ಇರಲಿಲ್ಲ.

ಹಾಗಾದರೆ 2 ಮಿಲಿಮೋಲಾರ್ ಹಾಕೋಣ ಎಂದು ಹಾಕಿದೆವು. ಆಗ ಔಷಧಿ ಇಲ್ಲದ ಗುಳಿಯಲ್ಲೂ ಈ. ಕೋಲೈ ಸರಿಯಾಗಿ ಬೆಳೆಯಲಿಲ್ಲ. ಔಷಧಿ ಇಲ್ಲದೆಯೇ ಬೆಳೆಯದಿದ್ದರೆ ಆ ಪ್ಲೇಟಿನಿಂದ ಏನೂ ತೀರ್ಮಾನಿಸುವಂತಿಲ್ಲ. ಯಾರಾದರೂ ಈ ಪ್ರಯೋಗ ಮಾಡುವುದಿದ್ದರೆ, ಇಡಿಟಿಎ ಮಾತ್ರ ಇರುವ ಒಂದು ಸಾಲನ್ನು ಬಿಡಬೇಡಿ. ಆ ಸಾಲು ಇರದಿದ್ದರೆ "ಔಷಧಿ ಒಳಗೆ ಹೋಯಿತು" ಎಂದು ಖುಷಿಪಟ್ಟು ಬರೆದುಬಿಡುತ್ತಿದ್ದೆವು. ಲೈವ್ ಮಾಡಿದ್ದು ಬೇರೆ ಥರ. ಬ್ರಾತ್‌ನಲ್ಲಲ್ಲ, ಟ್ರಿಸ್ ಬಫರ್‌ನಲ್ಲಿ, ಕೆಲವೇ ನಿಮಿಷ. ಆಮೇಲೆ ಪೋಷಕ ದ್ರವಕ್ಕೆ ಹಾಕಿದರೆ ಕೋಶ ತನ್ನ ಪೊರೆಯನ್ನು ಬೇಗ ರಿಪೇರಿ ಮಾಡಿಕೊಳ್ಳುತ್ತದೆ. ರಾತ್ರಿಯಿಡೀ ನಡೆಯುವ ಎಂಐಸಿಗೆ ಅದು ಹೊಂದುವುದಿಲ್ಲ.

ಕೊನೆಗೆ ಕೈಹಿಡಿದಿದ್ದು ಪಾಲಿಮಿಕ್ಸಿನ್-ಬಿ ನೊನಾಪೆಪ್ಟೈಡ್. ಪಾಲಿಮಿಕ್ಸಿನ್ ಎಂಬ ಔಷಧಿ ಪೊರೆಗೆ ಅಂಟಿ, ಮೆಗ್ನೀಶಿಯಂ ಅನ್ನು ಪಕ್ಕಕ್ಕೆ ತಳ್ಳಿ, ತನ್ನ ಕೊಬ್ಬಿನ ಬಾಲದಿಂದ ಪೊರೆಯನ್ನು ಒಡೆಯುತ್ತದೆ. ನೊನಾಪೆಪ್ಟೈಡ್‌ನಲ್ಲಿ ಆ ಬಾಲ ಕತ್ತರಿಸಿಹಾಕಿರುತ್ತಾರೆ. ಹಾಗಾಗಿ ಅದು ಎಲ್‌ಪಿಎಸ್ ಸಾಲನ್ನು ಸಡಿಲ ಮಾಡುತ್ತದೆ, ಆದರೆ ತಾನೇ ಕೊಲ್ಲುವುದಿಲ್ಲ. ಮಿಲಿಲೀಟರಿಗೆ 3 ಮೈಕ್ರೊಗ್ರಾಂ ಹಾಕಿದೆವು. ಔಷಧಿ ಇಲ್ಲದ ಗುಳಿಯಲ್ಲಿ ಈ. ಕೋಲೈ ಎಂದಿನಂತೆ ದಟ್ಟವಾಗಿ ಬೆಳೆದಿತ್ತು. ರಿಫಾಂಪಿಸಿನ್ ಸಾಲಿನಲ್ಲಿ ಮಾತ್ರ ಗುಳಿಗಳು ಒಂದರ ನಂತರ ಒಂದು ತಿಳಿಯಾಗಿದ್ದವು, 0.06ರ ತನಕ. ಕಪ್ಪು ಗೆರೆ ಹಿಡಿದು ಮೂರು ಸಲ ಓದಿದೆ. ಅದೇ ತಳಿ, ಅದೇ ಔಷಧಿ, ನೂರು ಪಟ್ಟಿಗಿಂತ ಹೆಚ್ಚು ಇಳಿತ.

ಇದು ಎಲ್‌ಪಿಎಸ್‌ದೇ ಕೆಲಸ ಎಂದು ಹೇಗೆ ಗೊತ್ತು? ಇನ್ನೊಂದು ಸಾಲಿನಲ್ಲಿ ಇದೆಲ್ಲದರ ಜೊತೆ 10 ಮಿಲಿಮೋಲಾರ್ ಮೆಗ್ನೀಶಿಯಂ ಕ್ಲೋರೈಡ್ ಹಾಕಿದ್ದೆವು. ಅಲ್ಲಿ ಎಂಐಸಿ ಮತ್ತೆ ಮೇಲೇರಿತ್ತು. ಗಾರೆ ಮರಳಿ ಬಂತು, ಗೋಡೆ ಮುಚ್ಚಿಕೊಂಡಿತು.

ಅದೇ ಪ್ಲೇಟಿನಲ್ಲಿ ಆಂಪಿಸಿಲಿನ್‌ನದ್ದೂ ಒಂದು ಸಾಲು ಇತ್ತು. ನೊನಾಪೆಪ್ಟೈಡ್ ಇಲ್ಲದಾಗ 4, ಇದ್ದಾಗಲೂ 4. ಹುಡುಗಿಗೆ ಬೇಜಾರಾಯಿತು. ನನಗೆ ಆ ಇಡೀ ವಾರದಲ್ಲಿ ಅತ್ಯಂತ ಇಷ್ಟವಾದ ಫಲಿತಾಂಶ ಅದೇ. ಆಂಪಿಸಿಲಿನ್ ಎಲ್‌ಪಿಎಸ್ ಗೋಡೆಯನ್ನು ದಾಟಿ ಬರುವುದೇ ಇಲ್ಲ, ಅದಕ್ಕೆ ಬೇರೆ ದಾರಿ ಇದೆ. ಹಾಗಾಗಿ ಗೋಡೆ ಸಡಿಲವಾದರೂ ಅದಕ್ಕೆ ಲಾಭವಿಲ್ಲ.

ಆ ದಾರಿಯೇ ಪೋರಿನ್. 1970ರ ದಶಕದಲ್ಲಿ ಹಿರೋಶಿ ನಿಕೈಡೊ ಅವರ ಲ್ಯಾಬಿನಲ್ಲಿ ಇದರ ಗುಟ್ಟು ಬಿಡಿಸಿದರು. ಪೋರಿನ್ ಎಂದರೆ ಮೂರು ಕೊಳವೆಗಳನ್ನು ಒಟ್ಟಿಗೆ ಕಟ್ಟಿದಂಥ ಪ್ರೋಟೀನು, ಒಳಗೆಲ್ಲ ನೀರು. ಆಹಾರ ಒಳಗೆ ಬರಲೆಂದು ಬ್ಯಾಕ್ಟೀರಿಯಾ ಇಟ್ಟುಕೊಂಡ ದಾರಿ ಇದು. ಸುಮಾರು 600 ಡಾಲ್ಟನ್‌ಗಿಂತ ಚಿಕ್ಕ, ನೀರಿನ ಸ್ವಭಾವದ ಅಣುಗಳು ಇದರಲ್ಲಿ ನುಸುಳುತ್ತವೆ. ಆಂಪಿಸಿಲಿನ್ 349 ಡಾಲ್ಟನ್. ರಿಫಾಂಪಿಸಿನ್ 823, ಅದೂ ಎಣ್ಣೆ ಸ್ವಭಾವದ್ದು. ವ್ಯಾಂಕೋಮೈಸಿನ್ 1449. ಅದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆದರೆ ಈ ಕೊಳವೆಗೆ ತೀರಾ ದಪ್ಪ. ನಮ್ಮ ಪ್ಲೇಟಿನಲ್ಲಿ 64 ಮೈಕ್ರೊಗ್ರಾಂ ವ್ಯಾಂಕೋಮೈಸಿನ್‌ನಲ್ಲೂ ಈ. ಕೋಲೈ ಏನೂ ಆಗದ ಹಾಗೆ ಬೆಳೆದಿತ್ತು. ಡಿಸ್ಕ್ ಯಾಕೆ ಇಡಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಕೂತಿತ್ತು.

ಗಾತ್ರವೊಂದೇ ಸಾಲದು ಎಂಬುದನ್ನೂ ಸೇರಿಸಬೇಕು. ಪೆನಿಸಿಲಿನ್-ಜಿ ಆಂಪಿಸಿಲಿನ್‌ಗಿಂತ ಚಿಕ್ಕದು, 334. ಆದರೂ ಈ. ಕೋಲೈ ಮೇಲೆ ಅದು ಎಷ್ಟೋ ದುರ್ಬಲ. ಆಂಪಿಸಿಲಿನ್‌ನಲ್ಲಿ ಹೆಚ್ಚಿಗೆ ಇರುವ ಒಂದು ಅಮೈನೊ ಗುಂಪು, ಅದರ ಪ್ಲಸ್ ಚಾರ್ಜ್, ಕೊಳವೆಯ ಇಕ್ಕಟ್ಟನ್ನು ದಾಟಲು ನೆರವಾಗುತ್ತದೆ. ಒಳಗೆ ನುಸುಳಿದ್ದನ್ನು ಪಂಪುಗಳು ಮತ್ತೆ ಹೊರಗೆ ಎಸೆಯುವುದೂ ಉಂಟು. ಬರುವ ವೇಗ ಕಡಿಮೆ ಇದ್ದಷ್ಟೂ ಪಂಪಿನ ಕೆಲಸ ಸುಲಭ.

ಇದಾಗಿ ಕೆಲವು ತಿಂಗಳಿಗೆ ಒಂದು ಮೂತ್ರದ ಸ್ಯಾಂಪಲ್ ಬಂತು. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ. ಅರ್ಟಾಪೆನೆಂ ಡಿಸ್ಕ್ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ 16 ಮಿಲಿಮೀಟರ್, ಅಂದರೆ ರೆಸಿಸ್ಟೆಂಟ್. ಮೆರೊಪೆನೆಂ 24, ಸೆನ್ಸಿಟಿವ್. ಇವೆರಡೂ ಸೇರುವ ಕಾರ್ಬಾಪೆನೆಂ ಗುಂಪಿನ ಔಷಧಿಗಳನ್ನು ಒಡೆಯುವ ಕಿಣ್ವ ಇದೆಯೇ ಎಂದು ನೋಡಿದರೆ ಎಂಸಿಐಎಂ ಪರೀಕ್ಷೆ ನೆಗೆಟಿವ್, ಅಂಥ ಕಿಣ್ವಗಳ ಜೀನ್ ಹುಡುಕುವ ಎನ್‌ಡಿಎಂ, ಆಕ್ಸಾ-48, ಕೆಪಿಸಿ, ವಿಐಎಂ, ಐಎಂಪಿ ಪಿಸಿಆರ್ ಎಲ್ಲವೂ ನೆಗೆಟಿವ್. ಪೆನಿಸಿಲಿನ್ ಥರದ ಔಷಧಿಗಳನ್ನು ಒಡೆಯುವ ಇಎಸ್‌ಬಿಎಲ್ ಮಾತ್ರ ಪಾಸಿಟಿವ್. ಇಎಸ್‌ಬಿಎಲ್ ಕಿಣ್ವ ಅರ್ಟಾಪೆನೆಂ ಅನ್ನು ಬಹಳ ನಿಧಾನವಾಗಿ ಒಡೆಯುತ್ತದೆ, ಅಷ್ಟರಿಂದಲೇ ರೆಸಿಸ್ಟೆನ್ಸ್ ಬರುವುದಿಲ್ಲ.

ಈ ಸಲ ಅವಳೇ ಹೇಳಿದಳು: "ಮೇಡಂ, ಕೊಳವೆ ಮುಚ್ಚಿರಬಹುದಾ?"

ಹೊರಪೊರೆಯ ಪ್ರೋಟೀನುಗಳನ್ನು ಸಾರ್ಕೋಸಿಲ್ ಎಂಬ ಮಾರ್ಜಕದಿಂದ ಬೇರ್ಪಡಿಸಿ, ಗಾತ್ರದ ಪ್ರಕಾರ ಪಟ್ಟಿಗಳಾಗಿ ವಿಂಗಡಿಸುವ ಜೆಲ್‌ನಲ್ಲಿ ಓಡಿಸಿದೆವು. ಪಕ್ಕದಲ್ಲಿ ಹೋಲಿಕೆಗೆ ಔಷಧಿಗೆಲ್ಲ ಬಗ್ಗುವ ಒಂದು ಕ್ಲೆಬ್ಸಿಯೆಲ್ಲಾ. ಬೆಳೆಸುವಾಗ ಉಪ್ಪು ಕಡಿಮೆ ಇರುವ ನ್ಯೂಟ್ರಿಯೆಂಟ್ ಬ್ರಾತ್ ಬಳಸಬೇಕು. ಉಪ್ಪು ಜಾಸ್ತಿ ಇದ್ದರೆ ಒಳ್ಳೆಯ ತಳಿ ಕೂಡ ಒಂದು ಪೋರಿನನ್ನು, ಓಎಂಪಿಕೆ-35 ಅನ್ನು, ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಆಗ ಜೆಲ್ ದಾರಿ ತಪ್ಪಿಸುತ್ತದೆ. ಬಣ್ಣ ತೊಳೆದ ಮೇಲೆ ಹೋಲಿಕೆಯ ಸಾಲಿನಲ್ಲಿ 35ರಿಂದ 40 ಕಿಲೊಡಾಲ್ಟನ್ ನಡುವೆ ಪಟ್ಟಿಗಳು ಗುಂಪಾಗಿ ಕಂಡವು. ರೋಗಿಯ ಸಾಲಿನಲ್ಲಿ ಒಂದೇ ಪಟ್ಟಿ ಉಳಿದಿತ್ತು, ಅದು ಇದ್ದ ಜಾಗ ಓಎಂಪಿಎ ಪ್ರೋಟೀನಿನದ್ದು. ಪೋರಿನ್‌ಗಳ ಜಾಗ ಖಾಲಿ.

ಕೊಳವೆ ಹೋದ ಮೇಲೆ ಔಷಧಿ ತೊಟ್ಟು ತೊಟ್ಟಾಗಿ ಬರುತ್ತದೆ. ಹಾಗೆ ಬರುವುದನ್ನು ಒಡೆಯಲು ನಿಧಾನದ ಕಿಣ್ವವೂ ಸಾಕು. ಅರ್ಟಾಪೆನೆಂ ಮೆರೊಪೆನೆಂಗಿಂತ ದೊಡ್ಡದು, ಮೈನಸ್ ಚಾರ್ಜೂ ಹೆಚ್ಚು, ಹಾಗಾಗಿ ಮೊದಲು ಸೋಲುವುದು ಅದೇ.

ಓದಿದ್ದನ್ನು ಓದಿದಂತೆ ರಿಪೋರ್ಟ್ ಮಾಡಿದೆ. ಜೊತೆಗೆ ವಾರ್ಡಿನ ಡಾಕ್ಟರಿಗೆ ಫೋನ್ ಮಾಡಿ, ಕಿಣ್ವ ಇನ್ನೂ ಒಳಗೇ ಇದೆ, ಮೆರೊಪೆನೆಂ ಕೂಡ ಜಾರಬಹುದು, ಜ್ವರ ಇಳಿಯದಿದ್ದರೆ ಮತ್ತೆ ಸ್ಯಾಂಪಲ್ ಕಳಿಸಿ ಎಂದೆ. ಐದನೇ ದಿನ ಕಳಿಸಿದರು. ಮೆರೊಪೆನೆಂ ವಲಯ 21ಕ್ಕೆ ಇಳಿದಿತ್ತು.