ಚುಕ್ಕಿ ಕಾಣಲಿಲ್ಲ, ಬಾಟಲಿ ಲೆಕ್ಕ ಕೂಡಲಿಲ್ಲ: ಮಕ್ಕಳ ಔಷಧ ಚೀಟಿ ಜೊತಿ ನನ್ನ ಅನುಭವ

ನಾ ಬಾಗಲಕೋಟಿ ನವನಗರದಾಗ ಒಂದು ಮೆಡಿಕಲ್ ಶಾಪ್‌ನ್ಯಾಗ ಫಾರ್ಮಾಸಿಸ್ಟ್. ಮ್ಯಾಲೆ ಮಕ್ಕಳ ದವಾಖಾನಿ ಇರೋದಕ್ಕ ನಮ್ಮ ಕೌಂಟರ್‌ಗೆ ಬರೋ ಚೀಟಿ ಮುಕ್ಕಾಲು ಪಾಲು ಸಣ್ಣ ಹುಡುಗರವ. ಅಕ್ಷರ ತಿಳಿಯಂಗಿಲ್ಲ ಅಂತ ಎಲ್ಲಾರೂ ಡಾಕ್ಟ್ರಿಗೆ ಬೈತಾರ, ಖರೇ ಹೇಳಬೇಕಂದ್ರ ಔಷಧದ ಹೆಸರು ತಿಳೀಲಿಲ್ಲ ಅಂದ್ರ ಅಷ್ಟು ಅಂಜಿಕಿ ಇಲ್ಲ, ಯಾಕಂದ್ರ ತಿಳೀಲಿಲ್ಲ ಅನ್ನೋದು ನಮಗ ಗೊತ್ತಾಗಿರ್ತದ, ಫೋನ್ ಮಾಡಿ ಕೇಳ್ತೀವಿ. ಅಂಜಬೇಕಾಗಿದ್ದು ಚಂದಂಗಿ ತಿಳಿಯೋ ಅಂಕಿಗೆ. 4 ಅಂತ ಸ್ಪಷ್ಟ ಕಾಣ್ತದ, ಅದರ ಮುಂದ ಒಂದು ಚುಕ್ಕಿ ಇತ್ತು ಅನ್ನೋದು ಮಾತ್ರ ಕಾಣಂಗಿಲ್ಲ, ಆಗ ಕೇಳಬೇಕು ಅಂತ ಯಾರಿಗೂ ಅನಸೋದೂ ಇಲ್ಲ.

ನನಗ ಅದು ಬುದ್ಧಿಗೆ ಹತ್ತಿದ್ದು ಒಬ್ಬ ಅಜ್ಜನಿಂದ. ಬೀಳಗಿ ಕಡೆ ಹಳ್ಳಿಯವ್ರು. ಮೊಮ್ಮಗಳಿಗೆ ಹಾರ್ಟ್‌ನ್ಯಾಗ ತೂತು, ದೊಡ್ಡ ಊರಿನ ದವಾಖಾನ್ಯಾಗ ಹದಿನೈದು ದಿನ ಇಟಗೊಂಡು ಮನಿಗೆ ಕಳಿಸಿದ್ರು, ಆಪರೇಷನ್ ಆಮ್ಯಾಲೆ ಅಂತ. ಕೊಟ್ಟ ಔಷಧ ಅವರ ಊರಾಗ ಸಿಗಲಿಲ್ಲ ಅಂತ ಬಸ್ ಹಿಡದು ಬಂದಿದ್ರು. ಚೀಟಿ ಮನ್ಯಾಗ ಬಿಟ್ಟು, ಮಗ ವಾಟ್ಸಾಪ್‌ನ್ಯಾಗ ಕಳಿಸಿದ ಫೋಟೋ ತೋರಿಸಿದ್ರು. ಡಿಗಾಕ್ಸಿನ್ ಮಕ್ಕಳ ಸಿರಪ್, 4 ಎಂ.ಎಲ್., ದಿನಕ್ಕ ಎರಡು ಸಲ, ಒಂದು ತಿಂಗಳು, ಒಂದು ಬಾಟಲಿ. ನಾನೂ 4 ಅಂತನ ಓದಿದೆ. ಬಾಟಲಿ ತಗದೆ, ಲೇಬಲ್ ಮ್ಯಾಲೆ 4 ಎಂ.ಎಲ್. ಬೆಳಿಗ್ಗಿ, 4 ಎಂ.ಎಲ್. ಸಂಜಿ ಅಂತ ಪೆನ್ನಿನಿಂದ ಬರದೂ ಬಿಟ್ಟಿದ್ದೆ, ಅದನ್ನ ಮುಚ್ಚಿಟ್ಟು ಏನು ಉಪಯೋಗ.

ತಡೆದಿದ್ದು ನನ್ನ ಶಾಣ್ಯಾತನ ಅಲ್ಲ, ಬಿಲ್ಲು. ಒಂದು ತಿಂಗಳಿಗೆ ಎಷ್ಟು ಬಾಟಲಿ ಕೊಡಬೇಕು ಅಂತ ಲೆಕ್ಕ ಹಾಕಿದೆ. ಬಾಟಲಿ 30 ಎಂ.ಎಲ್.ದು. ಸಲಕ್ಕ 4 ಅಂದ್ರ ದಿನಕ್ಕ 8, ಅಂದ್ರ ನಾಕು ದಿನಾನೂ ಪೂರಾ ಬರಂಗಿಲ್ಲ. ತಿಂಗಳಿಗೆ 240 ಎಂ.ಎಲ್., ಎಂಟು ಬಾಟಲಿ. ಚೀಟಿಯಾಗ ಒಂದು ಬಾಟಲಿ ಅಂತ ಐತಿ. ನಮ್ಮ ಸ್ಟಾಕಿನ್ಯಾಗ ಇದ್ದಿದ್ದ ಎರಡು, ಮತ್ತ ಅಷ್ಟ ಇಡ್ತೀವಿ, ಯಾಕಂದ್ರ ಈ ಸಿರಪ್ ತಿಂಗಳಿಗೆ ಒಂದು ಹೋದ್ರ ಹೆಚ್ಚು. ಇದೇನೋ ಕೂಡವಲ್ದು ಅಂತ ಕೈ ನಿಂತಿತು. ಅದ 0.4 ಎಂ.ಎಲ್. ಅಂತ ಹಿಡದ್ರ ದಿನಕ್ಕ 0.8, ಒಂದು ಬಾಟಲಿ ಮೂವತ್ತೇಳು ದಿನ ಬರ್ತದ, ಅಂದ್ರ ತಿಂಗಳಿಗೆ ಒಂದು ಬಾಟಲಿ ಬರಾಬರಿ.

"ಅಜ್ಜಾರ, ಕೂಸು ಎಷ್ಟು ತೂಕ ಐತ್ರೀ?" ಅಂದೆ.

"ನಾಕು ಕಿಲೋ ಅಂದಿದ್ರಪ್ಪಾ ಬಿಡುವಾಗ."

ನಾಕು ಕಿಲೋ ಅಂತ ಗೊತ್ತಾದ ಮ್ಯಾಲೆ ಉಳದದ್ದು ಬರೇ ಗುಣಾಕಾರ. ಈ ಸಿರಪ್‌ನ್ಯಾಗ ಒಂದು ಎಂ.ಎಲ್.ಗೆ 0.05 ಮಿಲಿಗ್ರಾಂ ಇರ್ತದ, ಅಂದ್ರ 50 ಮೈಕ್ರೋಗ್ರಾಂ. ಅಷ್ಟು ಸಣ್ಣ ಕೂಸಿಗೆ ದಿನಾ ಕೊಡೋ ಡೋಸು ಕಿಲೋಕ್ಕ ಸುಮಾರು 10 ಮೈಕ್ರೋಗ್ರಾಂ, ಎರಡು ಭಾಗ ಮಾಡಿ. ನಾಕು ಕಿಲೋಕ್ಕ ದಿನಕ್ಕ 40, ಒಂದು ಸಲಕ್ಕ 20 ಮೈಕ್ರೋಗ್ರಾಂ. 20 ಮೈಕ್ರೋಗ್ರಾಂ ಅಂದ್ರ 0.4 ಎಂ.ಎಲ್. ನಾ ಬರದ ಲೇಬಲ್ ಪ್ರಕಾರ ಹೋಗಿದ್ರ ಸಲಕ್ಕ 200 ಮೈಕ್ರೋಗ್ರಾಂ, ಬರಾಬರಿ ಹತ್ತು ಪಟ್ಟು. ಡಿಗಾಕ್ಸಿನ್ ಅಂದ್ರ ಡೋಸಿಗೂ ವಿಷಕ್ಕೂ ನಡುವ ಜಾಗಾನ ಇಲ್ಲದ ಔಷಧ, ನಾಡಿ ನಿಧಾನ ಆಗ್ತದ, ಬಡಿತದ ತಾಳ ತಪ್ಪತದ. ಅದಕ್ಕಿಂತ ಮೊದಲ ಕೂಸು ಹಾಲು ಬಿಡ್ತದ, ವಾಂತಿ ಮಾಡ್ತದ, ಆದ್ರ ಹಾರ್ಟಿನ ತೊಂದರಿ ಇರೋ ಕೂಸು ಮೊದಲ ಸರಿಯಾಗಿ ಹಾಲು ಕುಡಿಯಂಗಿಲ್ಲ, ಮನಿಯವ್ರು ಅದನ್ನ ಔಷಧದ ಮ್ಯಾಲೆ ಯಾಕ ಹಾಕ್ತಾರ ಹೇಳ್ರಿ.

ಅಜ್ಜನ ಫೋನಿನಿಂದನ ಕೂಸಿನ ತಾಯಿಗೆ ಮಾತಾಡಿದೆ. ಡಾಕ್ಟ್ರಿಗಿಂತ ಮೊದಲ ತಾಯಿಗೆ ಕೇಳಿದ್ದು ಯಾಕಂದ್ರ ಹದಿನೈದು ದಿನ ಆಕಿ ಮಗ್ಗಲಕ್ಕ ಕುಂತು ನೋಡ್ಯಾಳ. "ತಂಗೀ, ಅಲ್ಲೆ ಸಿಸ್ಟರ್ ಈ ಔಷಧ ಯಾವುದರಾಗ ಹಾಕ್ತಿದ್ರವಾ?" ಅಂದ್ರ, "ಸಣ್ಣ ಸಿರಿಂಜ್‌ನ್ಯಾಗ್ರೀ ಅಣ್ಣಾ, ಅರ್ಧಾನೂ ತುಂಬತಿದ್ದಿಲ್ಲ, ಇಷ್ಟ ಇಷ್ಟು" ಅಂದ್ಲು. ಆಮ್ಯಾಲೆ ಚೀಟಿ ಮ್ಯಾಲಿನ ನಂಬರಿಗೆ ಹಚ್ಚಿದೆ, ಮೂರನೇ ಸಲಕ್ಕ ಒಬ್ರು ಡ್ಯೂಟಿ ಡಾಕ್ಟ್ರು ಎತ್ತಿದ್ರು, ಫೈಲ್ ತಗದು ನೋಡಿ "ಪಾಯಿಂಟ್ ನಾಕ್ರೀ, ಪಾಯಿಂಟ್ ಹಾಕೀವಲ್ಲ" ಅಂದ್ರು. ಹಾಕಿದ್ರು, ಸುಳ್ಳಲ್ಲ. ಮುಂದಿನ ತಿಂಗಳು ಅಜ್ಜ ಅಸಲಿ ಚೀಟಿ ತಂದಾಗ ನೋಡಿದೆ, ಗೀಟು ಹೊಡದ ಹಾಳಿ, ಚುಕ್ಕಿ ಬರಾಬರಿ ಗೀಟಿನ ಮ್ಯಾಲೆ ಬಿದ್ದೈತಿ. ಕಣ್ಣಿನ ಹತ್ರ ಹಿಡದ್ರ ಗೀಟು ಅಲ್ಲೆ ಒಂದು ಚೂರು ದಪ್ಪ ಕಾಣ್ತದ, ಫೋಟೋದಾಗ ಅದೂ ಇಲ್ಲ. ಚುಕ್ಕಿ ಮುಂದ ಒಂದು ಸೊನ್ನಿ ಇದ್ದಿದ್ರ, ಚುಕ್ಕಿ ಅಳಿಸಿ ಹೋದ್ರೂ 04 ಅಂತಾದ್ರೂ ಕಾಣ್ತಿತ್ತು, ಇದೇನಪಾ ಅಂತ ಕಣ್ಣು ನಿಲ್ತಿತ್ತು. ಆ ಸೊನ್ನಿಯ ಕೆಲಸ ಅಷ್ಟ, ಬೆಲಿ ಏನೂ ಇಲ್ಲ, ಚುಕ್ಕಿ ಕಾಯೋ ವಾಚ್‌ಮನ್ ಇದ್ದಂಗ.

ಹಿಂದಿನ ಸೊನ್ನಿದು ಉಲ್ಟಾ. 1.0 ಅಂತ ಬರದ್ರ ನೀಟಾಗಿ ಕಾಣ್ತದ ಅಂತ ಬರೀತಾರ, ಚುಕ್ಕಿ ಹೋತಂದ್ರ 10. ನಮ್ಮ ಕಡೆ ಕಾರ್ಬನ್ ಇಟ್ಟು ಬರಿಯೋ ಇಂಡೆಂಟ್ ಬುಕ್ಕಿನ ಎರಡನೇ ಹಾಳಿಯಾಗ ಅಂಕಿ ಮೂಡ್ತಾವ, ಚುಕ್ಕಿ ಮೂಡಂಗಿಲ್ಲ, ಯಾಕಂದ್ರ ಚುಕ್ಕಿ ಇಡುವಾಗ ಯಾರೂ ಪೆನ್ನು ಒತ್ತಂಗಿಲ್ಲ. ಕಂಪ್ಯೂಟರ್ ಬಂದ್ರ ಸರಿ ಹೋಗ್ತದ ಅಂತಿದ್ರು, ನಮ್ಮ ಮ್ಯಾಲಿನ ದವಾಖಾನಿ ಸಾಫ್ಟ್‌ವೇರ್ ರೊಕ್ಕದ ಲೆಕ್ಕದಂಗ ಎಲ್ಲಾದಕ್ಕೂ ತಾನ ಎರಡು ಸೊನ್ನಿ ಹಚ್ಚಿ 5.00 ಎಂ.ಎಲ್. ಅಂತ ಪ್ರಿಂಟ್ ತಗೀತಿತ್ತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ರಿಬ್ಬನ್ ಹಳೇದಾದಾಗ ಅದನ್ನ 500 ಅಂತ ಓದಬಹುದು. 500 ಎಂ.ಎಲ್. ಸಿರಪ್ ಯಾರೂ ಕುಡಸಂಗಿಲ್ಲ, ಅದು ನಗೋ ಮಾತು. ಆದ್ರ ಅದ ಕಾಲಂನ್ಯಾಗ ಮಿಲಿಗ್ರಾಂ ಇದ್ರ ನಗು ಬರಂಗಿಲ್ಲ.

ದೊಡ್ಡವರಿಗೂ ಇದ ತಪ್ಪು ಆಗ್ತದಲ್ಲ, ಮಕ್ಕಳದಷ್ಟ ಯಾಕ ಅಂತ ಕೇಳಬಹುದು. ದೊಡ್ಡವರಿಗೆ ಹತ್ತು ಪಟ್ಟು ಕೊಡಬೇಕಂದ್ರ ಹತ್ತು ಗುಳಿಗಿ ಬಿಚ್ಚಬೇಕು, ಹತ್ತು ಆಂಪೂಲ್ ಒಡೀಬೇಕು, ಮೂರನೇದಕ್ಕ ಯಾರಾದ್ರೂ ಒಬ್ರು "ಏನ್ರೀ ಇದು" ಅಂತಾರ. ಅಡ್ರಿನಲಿನ್ ನೋಡ್ರಿ, ಆಂಪೂಲ್ ಒಂದು ಎಂ.ಎಲ್.ದು, ಅದರಾಗ ಒಂದು ಮಿಲಿಗ್ರಾಂ. ಜೋರು ಅಲರ್ಜಿ ಆದ ಹತ್ತು ಕಿಲೋ ಹುಡುಗಗ ಸ್ನಾಯುವಿನಾಗ ಕೊಡೋದು ಕಿಲೋಕ್ಕ 0.01 ಮಿಲಿಗ್ರಾಂ, ಅಂದ್ರ 0.1 ಎಂ.ಎಲ್. ಚುಕ್ಕಿ ಹೋದ್ರ 1 ಎಂ.ಎಲ್., ಬರಾಬರಿ ಒಂದು ಆಂಪೂಲ್. ಒಂದು ಆಂಪೂಲ್ ಪೂರಾ ಎಳಕೊಳ್ಳೋದು ದಿನಾ ಮಾಡೋ ಕೆಲಸ, ಕೈಗೆ ಅದ ಸರಿ ಅನಸ್ತದ, ಹತ್ತರಾಗ ಒಂದು ಪಾಲು ಎಳಿಯೋದ ವಿಚಿತ್ರ ಅನಸ್ತದ. ಅಜ್ಜನ ಸಿರಪ್‌ನ್ಯಾಗೂ ಅಷ್ಟ, 4 ಎಂ.ಎಲ್. ಅಂದ್ರ ಒಂದು ಚಮಚಾಕ್ಕ ಚೂರು ಕಡಿಮಿ, ಮಕ್ಕಳ ಔಷಧ ಅಂದ್ರ ಹಂಗ ಇರ್ತದ, ಯಾವ ಮನ್ಯಾಗೂ ಸಂಶಯ ಬರಂಗಿಲ್ಲ. 0.4 ಅಂದ್ರನ "ಇಷ್ಟ ಏನ್ರೀ?" ಅಂತ ತಿರುಗಿ ಕೇಳ್ತಾರ.

ಯೂನಿಟ್‌ನ ಶಾರ್ಟ್ ಫಾರಂ ಬ್ಯಾರೆ ತಲಿನೋವು. ಇನ್ಸುಲಿನ್‌ಗೆ 4 ಬರದು ಅದರ ಹಿಂದ ಇಂಗ್ಲಿಷ್ ಯು ಒಂದ ಹಾಕ್ತಾರ, ಅವಸರದಾಗ ಯು ಬಾಯಿ ಮುಚ್ಚಿತಂದ್ರ ಅದು ಸೊನ್ನಿ, ನಾಕು ಯೂನಿಟ್ ಹೋಗಿ ನಲವತ್ತು. ಮೈಕ್ರೋಗ್ರಾಂಗೆ ಹಾಕೋ ಬಾಲದ ಅಕ್ಷರ, ಮ್ಯೂ ಅಂತಾರಲ್ಲ, ಅದು ಎಂ ತರ ಕಂಡ್ರ ಮಿಲಿಗ್ರಾಂ ಆಗಿ ಸಾವಿರ ಪಟ್ಟು. ಸಾವಿರ ಪಟ್ಟಿಂದು ಬಾಟಲಿ ಲೆಕ್ಕದಾಗ ಅಲ್ಲೆ ಸಿಗ್ತದ, ಕೈ ತಪ್ಪಿ ಹೋಗೋದು ಹತ್ತು ಪಟ್ಟಿಂದು. ದವಾಖಾನಿಗಳ ಗುಣಮಟ್ಟ ತಪಾಸೋ ಅಮೆರಿಕಾದ ಜಾಯಿಂಟ್ ಕಮಿಷನ್ ಅನ್ನೋ ಸಂಸ್ಥೆ 2004ರಾಗನ ಯು ಒಂಟಿಯಾಗಿ ಬರೀಬ್ಯಾಡ್ರಿ, ಹಿಂದ ಸೊನ್ನಿ ಹಚ್ಚಬ್ಯಾಡ್ರಿ, ಮುಂದಿನ ಸೊನ್ನಿ ಬಿಡಬ್ಯಾಡ್ರಿ ಅಂತ ಪಟ್ಟಿ ಮಾಡಿ ಇಟ್ಟೈತಿ. ನಮ್ಮಲ್ಲೆ 2016ರಾಗ ಮೆಡಿಕಲ್ ಕೌನ್ಸಿಲ್ ಜೆನೆರಿಕ್ ಹೆಸರು ಸ್ಪಷ್ಟ ಬರೀರಿ, ಆದಷ್ಟು ಕ್ಯಾಪಿಟಲ್ ಅಕ್ಷರದಾಗ ಬರೀರಿ ಅಂತ ತಿದ್ದುಪಡಿ ತಂತು, ಒಳ್ಳೇದ ಆತು, ಆದ್ರ ಚುಕ್ಕಿಗೆ ಕ್ಯಾಪಿಟಲ್ ಇಲ್ಲಲ್ಲ.

ಅಜ್ಜ ಹೋದ ಮ್ಯಾಲೆ ನಾ ಚೀಟಿ ಓದೋ ರೀತಿ ಬದಲಿ ಮಾಡಿದೆ. ಮೊದಲ ತೂಕ ಹುಡಕ್ತೀನಿ, ಇಲ್ಲಂದ್ರ ಕೌಂಟರ್ ಮುಂದಿನ ತಕ್ಕಡಿ ಮ್ಯಾಲೆ ತಾಯಿ ಕೂಸು ಕೂಡೆ ನಿಂದ್ರಸಿ, ಆಮ್ಯಾಲೆ ತಾಯಿನ ಒಬ್ಬಾಕಿನ್ನ ನಿಂದ್ರಸಿ ಕಳೀತೀನಿ. ಆ ತಕ್ಕಡಿ ಅರ್ಧ ಕಿಲೋ ಹಿಂದ ಮುಂದ ತೋರಸ್ತದ, ಡೋಸ್ ಬರಿಯಾಕ ಅದು ನಡಿಯಂಗಿಲ್ಲ, ಹತ್ತು ಪಟ್ಟು ತಪ್ಪು ಹಿಡಿಯಾಕ ಧಾರಾಳ ಸಾಕು. ಆಮ್ಯಾಲೆ ಎಂ.ಎಲ್. ನಂಬದ ಮೈಕ್ರೋಗ್ರಾಂಗೆ ತಿರುಗಿಸಿ ಕಿಲೋಕ್ಕ ಭಾಗ ಮಾಡ್ತೀನಿ, ಆಮ್ಯಾಲೆ ಬಾಟಲಿ ಎಷ್ಟು ದಿನ ಬರ್ತದ ಅಂತ ನೋಡ್ತೀನಿ. ಮೂರು ದಿನದ ಆ್ಯಂಟಿಬಯಾಟಿಕ್ ಇದ್ರ ಬಾಟಲಿ ಲೆಕ್ಕ ಏನೂ ಹೇಳಂಗಿಲ್ಲ, ಅದು ತಿಂಗಳಗಟ್ಟಲೆ ನಡಿಯೋ ಔಷಧಕ್ಕಷ್ಟ. ಮ್ಯಾಲಿನ ಡಾಕ್ಟ್ರ ಹತ್ರ ಎರಡು ಮಾತು ಕೇಳಿಕೊಂಡೆ, ಡಿಗಾಕ್ಸಿನ್‌ಗೆ 0.02 ಮಿಲಿಗ್ರಾಂ ಅನ್ನೋ ಬದಲಿ 20 ಮೈಕ್ರೋಗ್ರಾಂ ಅಂತ ಪೂರಾ ಬರೀರಿ, ಚುಕ್ಕಿನ ಬೇಕಾಗಂಗಿಲ್ಲ, ಮತ್ತ ಪಕ್ಕಕ್ಕ ತೂಕ ಹಾಕ್ರಿ ಅಂತ. "ನಮಗ ನೀವು ಕಲಸ್ತೀರೇನ್ರೀ" ಅಂತ ನಕ್ಕರು, ಮರುದಿನದಿಂದ ಬರಿಯಾಕ ಹತ್ತಿದ್ರು. ಸಾಫ್ಟ್‌ವೇರ್‌ನ ಸೊನ್ನಿ ತಗಸಾಕ ಮಾತ್ರ ಏಳು ತಿಂಗಳು ಹಿಡೀತು. ಆದ್ರೂ ಬಾಟಲಿ ಲೇಬಲ್ ಮ್ಯಾಲೆ ಕಂಪನಿಯವ್ರು 0.05 ಅಂತನ ಛಾಪಸ್ತಾರ, ಅಳತಿ ಎಂ.ಎಲ್.ದಾಗನ ಮಾಡಬೇಕು, ಅಂದ್ರ ಚುಕ್ಕಿ ಪೂರಾ ತಪ್ಪಂಗಿಲ್ಲ.

ಅದಕ್ಕ ಅಂತಾ ಸಿರಪ್ ಕೊಡುವಾಗ ಚಮಚಾ ಬಿಟ್ಟು ಒಂದು ಎಂ.ಎಲ್. ಸಿರಿಂಜ್ ಕೊಟ್ಟು, ಸೂಜಿ ತಗದು, 0.4ರ ಮ್ಯಾಲೆ ಕೆಂಪು ಮಾರ್ಕರ್‌ನಿಂದ ಗೀಟು ಎಳೀತೀನಿ. ಅಜ್ಜನ ಮನಿಯಾಗ ತಾಯಿಗೆ ಓದಾಕ ಬರ್ತದ, ಅಜ್ಜಿಗೆ ಬರಂಗಿಲ್ಲ, ಗೀಟು ಇಬ್ರಿಗೂ ತಿಳೀತದ. ಕೂಸು ಬೆಳದಂಗ ಗೀಟು ತಪ್ಪಾಗ್ತದ ಅನ್ನೋದು ನನಗ ತಡಾ ಮಾಡಿ ಹೊಳೀತು. ಐದು ಕಿಲೋ ಆದಾಗ ಡಾಕ್ಟ್ರು 25 ಮೈಕ್ರೋಗ್ರಾಂ ಮಾಡಿದ್ರು, ಅಂದ್ರ 0.5 ಎಂ.ಎಲ್. ಹೊಸಾ ಸಿರಿಂಜಿಗೆ ಗೀಟು ಹಾಕಿ ಕೊಟ್ಟು, "ಅಜ್ಜಾರ, ಹಳೇದು ನನಗ ವಾಪಸ್ ತಂದು ಕೊಡ್ರಿ" ಅಂದೆ. ತಂದ್ರು, ಮೂರು ಸಿರಿಂಜು, ಎಲ್ಲಾ ತೊಳದು ಒಂದು ಕರ್ಚೀಫಿನ್ಯಾಗ ಕಟ್ಟಿಕೊಂಡು.