ಜಾಹೀರಾತು ಎಲ್ಲಿ ಕಾಣಿಸಿತು ಎಂದು ತಿಳಿಯದಿದ್ದಾಗ ನಾನು ಅಸೆಟ್ ವರದಿಯನ್ನು ಓದಿದ ಬಗೆ

ಮನೆಯ ಚಾವಣಿಗೆ ಸೌರ ಫಲಕ ಹಾಕಿಕೊಡುವ ಹುಬ್ಬಳ್ಳಿಯ ಒಂದು ಸಣ್ಣ ಸಂಸ್ಥೆಗೆ ಗೂಗಲ್ ಜಾಹೀರಾತು ನೋಡಿಕೊಳ್ಳುವ ಕೆಲಸ ನನ್ನದು. ಹೋದ ವರ್ಷ ಪರ್ಫಾರ್ಮೆನ್ಸ್ ಮ್ಯಾಕ್ಸ್ ಅಭಿಯಾನ ಶುರು ಮಾಡಿದೆ. ಇದರಲ್ಲಿ ನಾವು ಶೀರ್ಷಿಕೆ, ವಿವರಣೆ, ಚಿತ್ರ, ವಿಡಿಯೋ ಎಂಬ ಅಸೆಟ್‌ಗಳನ್ನು ಕೊಡುತ್ತೇವೆ. ಅವನ್ನು ಜೋಡಿಸಿ ಸರ್ಚ್, ಯೂಟ್ಯೂಬ್, ಜಿಮೇಲ್, ಮ್ಯಾಪ್ಸ್, ಇತರ ತಾಣಗಳು ಮತ್ತು ಆಪ್‌ಗಳಲ್ಲಿ ಎಲ್ಲಿ ತೋರಿಸಬೇಕೆಂಬುದನ್ನು ವ್ಯವಸ್ಥೆಯೇ ನಿರ್ಧರಿಸುತ್ತದೆ.

ಮೊದಲ ತಿಂಗಳು 62,000 ರೂಪಾಯಿಗೆ 248 ಲೀಡ್‌ಗಳು, ಅಂದರೆ ಆಸಕ್ತರು ತುಂಬಿದ ಫಾರ್ಮ್‌ಗಳು, ಬಂದವು. ಒಂದಕ್ಕೆ 250 ರೂಪಾಯಿ. ಲೆಕ್ಕ ನೋಡಿ ನಾನು ಖುಷಿಪಟ್ಟೆ. ಆದರೆ ಈ ಲೀಡ್‌ಗಳಿಗೆ ಕರೆ ಮಾಡುವ ಹುಡುಗಿ, "ಸರ್, ಅರ್ಧಕ್ಕಿಂತ ಹೆಚ್ಚು ಜನ ಫೋನ್ ಎತ್ತುವುದೇ ಇಲ್ಲ. ಎತ್ತಿದವರೂ ನಾವು ಅರ್ಜಿ ಹಾಕಿಲ್ಲ ಎನ್ನುತ್ತಾರೆ" ಎಂದಳು.

ಜಾಹೀರಾತು ಎಲ್ಲಿ ಬಂತೆಂದು ನೋಡಲು ಪ್ಲೇಸ್‌ಮೆಂಟ್ ವರದಿ ತೆಗೆದೆ. ಎಪಿಐ ಮೂಲಕ, ಅಂದರೆ ಕೋಡ್ ಬರೆದು ಕೇಳಿದರೂ ಸಿಗುವುದು ಇಷ್ಟೇ:

```
SELECT performance_max_placement_view.display_name,
  performance_max_placement_view.placement_type,
  metrics.impressions
FROM performance_max_placement_view
```

ತಾಣ ಅಥವಾ ಆಪ್‌ನ ಹೆಸರು, ಅದರ ಬಗೆ, ಎಷ್ಟು ಬಾರಿ ಕಾಣಿಸಿತು ಎನ್ನುವ ಸಂಖ್ಯೆ. ಎಷ್ಟು ಕ್ಲಿಕ್, ಎಷ್ಟು ಹಣ, ಎಷ್ಟು ಲೀಡ್ ಎನ್ನುವುದು ಯಾವ ಸಾಲಿನಲ್ಲೂ ಇಲ್ಲ. ಮಕ್ಕಳ ಆಟದ ಆಪ್‌ಗಳು ಮೇಲೆಯೇ ಇದ್ದವು. ಅವು ಹಣ ತಿಂದವೋ, ಸುಮ್ಮನೆ ಕಾಣಿಸಿ ಹೋದವೋ ಹೇಳಲು ದಾರಿಯಿರಲಿಲ್ಲ. 2025ರಲ್ಲಿ ಬಂದ ಚಾನೆಲ್‌ವಾರು ವರದಿ ಯೂಟ್ಯೂಬ್‌ಗೆ ಇಷ್ಟು, ಸರ್ಚ್‌ಗೆ ಇಷ್ಟು ಎಂದು ಖರ್ಚು ತೋರಿಸುತ್ತದೆ, ಆದರೆ ಯಾವ ಆಪ್ ಎಂಬಲ್ಲಿಗೆ ಇಳಿಯುವುದಿಲ್ಲ.

ಆಗ ಒಂದೊಂದು ಅಸೆಟ್‌ನ ಫಲಿತಾಂಶ ತೋರಿಸುವ ಅಸೆಟ್ ವರದಿಯನ್ನು ಬೇರೆ ಕಣ್ಣಿನಿಂದ ಓದಿದೆ. ಶೀರ್ಷಿಕೆ ಎಲ್ಲ ಕಡೆಯೂ ಬಳಕೆಯಾಗುತ್ತದೆ, ಆದ್ದರಿಂದ ಜಾಗದ ಬಗ್ಗೆ ಅದು ಏನನ್ನೂ ಹೇಳದು. ಚಿತ್ರ ಸ್ವಲ್ಪ ಹೇಳುತ್ತದೆ, ಆದರೆ ಅದು ಸರ್ಚ್ ಜಾಹೀರಾತಿನ ಪಕ್ಕದಲ್ಲೂ ಬರಬಹುದು. ಹುಡುಕಾಟದ ಪಠ್ಯ ಜಾಹೀರಾತಿನಲ್ಲಿ ವಿಡಿಯೋ ಬರುವುದಿಲ್ಲ. ಹಾಗಾಗಿ ವಿಡಿಯೋ ಅಸೆಟ್‌ನ ಸಾಲಿನಲ್ಲಿ ಸಂಖ್ಯೆಗಳು ದೊಡ್ಡದಾಗಿದ್ದರೆ ಅಭಿಯಾನ ಸರ್ಚ್‌ನಿಂದ ದೂರ ಸರಿದಿದೆ ಎಂದೇ ಅರ್ಥ.

ನಾನು ವಿಡಿಯೋ ಹಾಕಿಯೇ ಇರಲಿಲ್ಲ. ಆದರೂ ಪಟ್ಟಿಯಲ್ಲಿ ಒಂದು ಇತ್ತು. ಅದರ ಮೂಲದ ಅಂಕಣದಲ್ಲಿ ಸ್ವಯಂಚಾಲಿತವಾಗಿ ತಯಾರಾದದ್ದು ಎಂದಿತ್ತು. ನಮ್ಮ ಚಿತ್ರಗಳನ್ನೇ ಸಂಗೀತದೊಂದಿಗೆ ಒಂದರ ಹಿಂದೊಂದು ತೋರಿಸುವ ವಿಡಿಯೋ ತುಣುಕು. ವಿಡಿಯೋ ಕೊಡದಿದ್ದರೆ ವ್ಯವಸ್ಥೆ ತಾನೇ ಮಾಡಿಕೊಳ್ಳುತ್ತದೆ ಎಂಬುದು ಗೊತ್ತಿದ್ದೂ ನಾನು ಅಲಕ್ಷಿಸಿದ್ದೆ.

ಇಲ್ಲಿ ನಾನು ಎಡವಲಿದ್ದೆ. ಆ ತುಣುಕಿನ ಎದುರು 131 ಪರಿವರ್ತನೆಗಳಿದ್ದವು. ಪಟ್ಟಿಯಲ್ಲೇ ಅದು ಅತ್ಯುತ್ತಮ. ಆದರೆ ವ್ಯವಸ್ಥೆಗೆ ಪರಿವರ್ತನೆ ಎಂದರೆ ಫಾರ್ಮ್ ತುಂಬಿದ್ದು ಎಂದು ಹೇಳಿಕೊಟ್ಟವನೇ ನಾನು. ಸುಳ್ಳು ಫಾರ್ಮ್‌ಗಳು ಎಲ್ಲಿ ಸುಲಭವಾಗಿ ಸಿಗುತ್ತವೆಯೋ ಅಲ್ಲಿಗೆ ಅದು ಓಡಿತ್ತು. ಅಸೆಟ್ ವರದಿ ನಮ್ಮ ಗುರಿಯನ್ನೇ ಮರಳಿ ತೋರಿಸುತ್ತದೆ, ಅದಕ್ಕಿಂತ ಹೆಚ್ಚು ಸತ್ಯವನ್ನಲ್ಲ.

ಹಾಗಾಗಿ ಗುರಿಯನ್ನು ಬದಲಿಸಿದೆ. ಚಾವಣಿ ನೋಡಲು ಹೋದ ಭೇಟಿಗಳು ತಿಂಗಳಿಗೆ ಹದಿನಾಲ್ಕೇ ಇದ್ದವು, ವ್ಯವಸ್ಥೆ ಕಲಿಯಲು ಅದು ಸಾಲದು. ನಡುವಿನ ಹಂತ ಹುಡುಕಿದೆ: ಕರೆಗೆ ಸಿಕ್ಕು, ವಾಟ್ಸ್ಆ್ಯಪ್‌ನಲ್ಲಿ ವಿದ್ಯುತ್ ಬಿಲ್ಲಿನ ಚಿತ್ರ ಕಳುಹಿಸಿದವರು. ಫಾರ್ಮ್‌ನಲ್ಲಿ ಕಾಣದಂತೆ, ಜಾಹೀರಾತಿನ ಕ್ಲಿಕ್‌ಗೆ ಗೂಗಲ್ ಕೊಡುವ ಗುರುತನ್ನು (`gclid`) ಉಳಿಸಿಕೊಂಡೆವು. ಬಿಲ್ ಬಂದಾಗ ಆ ಗುರುತನ್ನು ದಿನಾಂಕದೊಂದಿಗೆ ಗೂಗಲ್ ಖಾತೆಗೆ ಸೇರಿಸಿದೆವು. ಬಿಲ್ಲನ್ನು ಪ್ರಾಥಮಿಕ ಗುರಿಯಾಗಿಸಿ, ಫಾರ್ಮ್ ಅನ್ನು ಎರಡನೆಯದಕ್ಕೆ ಇಳಿಸಿದೆ.

ಆ ತುಣುಕನ್ನು ಇನ್ನೂ ನಾಲ್ಕು ವಾರ ಬೇಕೆಂದೇ ಬಿಟ್ಟೆ. ಅದೇ ಅಂಕಣ ಈಗ ಬೇರೆ ಮಾತಾಡಿತು. ತುಣುಕಿನ ಎದುರು 3 ಬಿಲ್‌ಗಳು. ಹೆಂಚಿನ ಮನೆಯ ಮೇಲೆ ನಮ್ಮ ತಂತ್ರಜ್ಞರು ಫಲಕ ಜೋಡಿಸುತ್ತಿರುವ, ಮೊಬೈಲ್‌ನಲ್ಲಿ ತೆಗೆದ ಚಿತ್ರದ ಎದುರು 19. ಚಿತ್ರ ಮಾರುವ ತಾಣದಿಂದ ಕೊಂಡ, ಹೊಳೆಯುವ ನೀಲಿ ಫಲಕದ ಚಿತ್ರಕ್ಕೆ 4.

ಈ ಸಂಖ್ಯೆಗಳನ್ನು ಕೂಡಿಸಬಾರದು. ಒಬ್ಬರು ಬಿಲ್ ಕಳುಹಿಸಿದರೆ ಅವರು ನೋಡಿದ ಜಾಹೀರಾತಿನ ಶೀರ್ಷಿಕೆ, ವಿವರಣೆ, ಚಿತ್ರ ಎಲ್ಲಕ್ಕೂ ಒಂದೊಂದು ಲೆಕ್ಕ ಬೀಳುತ್ತದೆ. ಅಭಿಯಾನದ ಒಟ್ಟು 57 ಬಿಲ್‌ಗಳು ಅಸೆಟ್ ಪಟ್ಟಿಯ ಅಂಕಣದಲ್ಲಿ ಹಲವು ಪಟ್ಟಾಗಿ ಕಂಡವು. ಚಿತ್ರವನ್ನು ಚಿತ್ರದೊಂದಿಗೆ, ವಿಡಿಯೋವನ್ನು ವಿಡಿಯೋದೊಂದಿಗೆ ಹೋಲಿಸುವುದಷ್ಟೇ ಸರಿ. ಆಗಲೂ ಒಂದು ಚಿತ್ರ ಗೆದ್ದದ್ದು ತನ್ನ ಗುಣದಿಂದಲೋ, ವ್ಯವಸ್ಥೆ ಅದನ್ನು ಒಳ್ಳೆಯ ಜಾಗದಲ್ಲಿ ಹೆಚ್ಚು ತೋರಿಸಿದ್ದರಿಂದಲೋ ಎಂದು ಬಿಡಿಸಿ ಹೇಳಲಾಗದು.

ಆಮೇಲೆ ಆ ತುಣುಕಿನ ಜಾಗಕ್ಕೆ ತಂತ್ರಜ್ಞರ ಕೆಲಸದ 20 ಸೆಕೆಂಡಿನ ವಿಡಿಯೋ ಹಾಕಿದೆ. ಆಟದ ಆಪ್‌ಗಳನ್ನು ಖಾತೆಯ ಮಟ್ಟದಲ್ಲಿ ಹೊರಗಿಟ್ಟೆ. ಮುಂದಿನ ತಿಂಗಳು ಬಂದ ಫಾರ್ಮ್‌ಗಳು 104 ಮಾತ್ರ, ಬಿಲ್‌ಗಳು 71. ಮಾಲೀಕರಿಗೆ ಈಗ ನಾನು ಕಳುಹಿಸುವ ವಾರದ ಹಾಳೆಯಲ್ಲಿ ಲೀಡ್‌ನ ಬೆಲೆ ಇಲ್ಲ, ಬಿಲ್ಲಿನ ಬೆಲೆ ಇದೆ. ಪ್ಲೇಸ್‌ಮೆಂಟ್ ಪಟ್ಟಿಯನ್ನು ತಿಂಗಳಿಗೊಮ್ಮೆ ತೆರೆಯುತ್ತೇನೆ, ಹೊಸ ಆಟದ ಆಪ್‌ಗಳು ಸೇರಿವೆಯೇ ಎಂದು ನೋಡಲಷ್ಟೇ.